ಬಾಯ್ತುಂಬ ಎಲೆ, ಮೂಗಿನ ತುದಿಗೆ ಸಿಟ್ಟು

ನನಗೆ ಸಿಟ್ಟು ಬಂದದ್ದು ನನಗಿಂತ ಮೊದಲು ನನ್ನ ಬಳೆಗಳಿಗೆ ಗೊತ್ತಾಗುತ್ತದೆ. ಕೈ ತಾನಾಗಿ ಮೇಲೆ ಹೋಗುತ್ತದೆ, ಬಳೆಗಳು ಝಲ್ಲೆಂದು ಮೊಣಕೈಗೆ ಇಳಿಯುತ್ತವೆ, ಆ ಸದ್ದು ಕೇಳಿದ ಕೂಡಲೇ ನಮ್ಮ ಮನೆಯವರೆಲ್ಲ ಒಬ್ಬೊಬ್ಬರಾಗಿ ಹಿತ್ತಲಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಾರೆ. ಯಜಮಾನರಂತೂ ಎಮ್ಮೆಗೆ ಎರಡೆರಡು ಸಲ ನೀರು ಕುಡಿಸಿದ್ದುಂಟು. ಇಂಥ ನನ್ನನ್ನೇ ನಮ್ಮ ರೊಟ್ಟಿ ಸಂಘದವರು ಮಾತುಕತೆಗೆ ಕಳಿಸಿದರು. ಕಾರಣ ಇಷ್ಟೇ, ಉಳಿದವರಿಗೆಲ್ಲ ಗಂಡಸರ ಮುಂದೆ ಕೂತರೆ ದನಿ ಏಳುವುದಿಲ್ಲ, ನನಗೆ ಇಳಿಯುವುದಿಲ್ಲ.

ನಮ್ಮದು ಕುಂದಗೋಳದ ಕಡೆಯ ಹಳ್ಳಿ. ಊರ ಮುಂದೆ ಒಂದು ಹಳೇ ಹಿಟ್ಟಿನ ಗಿರಣಿ ಇತ್ತು. ಗಿರಣಿ ನಿಂತು ಎಷ್ಟೋ ಕಾಲವಾಗಿ ಶೆಡ್ಡು ಮಾತ್ರ ಉಳಿದಿತ್ತು. ಪಂಚಾಯ್ತಿಯವರು ಅದನ್ನು ನಮಗೆ ರೊಟ್ಟಿ ಬಡಿಯಲು ಬಿಟ್ಟುಕೊಟ್ಟಿದ್ದರು, ಆದರೆ ಯುಗಾದಿ ತನಕ ಮಾತ್ರ. ಅಷ್ಟರೊಳಗೆ ನಮ್ಮ ರೊಟ್ಟಿ ಕಾಯಂ ಕೊಳ್ಳುವವರು ಯಾರಾದರೂ ಸಿಕ್ಕರೆ ಸರಿ, ಇಲ್ಲವಾದರೆ ಶೆಡ್ಡು ಗೊಬ್ಬರದ ಗೋದಾಮಿಗೆ. ಗೊಬ್ಬರದವರು ಆಗಲೇ ಎರಡು ಸಲ ಬಂದು ಬಾಗಿಲು ಅಳತೆ ಮಾಡಿಕೊಂಡು ಹೋಗಿದ್ದರು.

ಆ ಶೆಡ್ಡು ನಮಗೆ ಏನಾಗಿತ್ತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಅದಕ್ಕಿಂತ ಮೊದಲು ನಾವೆಲ್ಲ ನಮ್ಮ ನಮ್ಮ ಅಡುಗೆಮನೆಯಲ್ಲಿ, ಹೊಗೆಯಲ್ಲಿ, ಅತ್ತೆಯ ಗೊಣಗಾಟದಲ್ಲಿ ರೊಟ್ಟಿ ಬಡಿದವರು. ಇಲ್ಲಿ ಒಲೆಗಳ ಸಾಲು, ಒಲೆಗೊಬ್ಬಳು ಹೆಂಗಸು, ಪಟಪಟ ಪಟಪಟ ಬಡಿತ, ಆ ಬಡಿತದ ಮೇಲೆ ಹರಟೆ. ಯಾರಾದರೂ ಒಂದು ಮಾತು ಬಿಟ್ಟರೆ ಸಾಕು, ನಗು ಒಲೆಯಿಂದ ಒಲೆಗೆ ಹತ್ತಿಕೊಳ್ಳುತ್ತಿತ್ತು. ನಕ್ಕು ನಕ್ಕು ಹಂಚಿನ ಮೇಲಿನ ರೊಟ್ಟಿ ಸೀದುಹೋದದ್ದಕ್ಕೆ ಲೆಕ್ಕವಿಲ್ಲ. ಮದುವೆಯಾಗಿ ಈ ಊರಿಗೆ ಬಂದಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರೆ ಅದು ಆ ಶೆಡ್ಡಿನಲ್ಲೇ.

ಅಣ್ಣಿಗೇರಿಯಲ್ಲಿ ಒಬ್ಬ ದೊಡ್ಡ ಅಡುಗೆ ಗುತ್ತಿಗೆದಾರರಿದ್ದರು. ನವಲಗುಂದ, ಕಲಘಟಗಿ, ಕುಂದಗೋಳ, ಎಲ್ಲಿ ಮದುವೆಯಾದರೂ ಪಂಕ್ತಿ ಅವರದೇ. ಅವರಿಗೆ ಖಡಕ್ ರೊಟ್ಟಿ ಬೇಕಾಗಿತ್ತು, ನಮಗೆ ಅವರು ಬೇಕಾಗಿದ್ದರು. ದರದ ಮಾತು ಫೋನಿನಲ್ಲೇ ಮುಗಿದಿತ್ತು. "ಉಳಿದಿದ್ದು ಕೂತು ಮಾತಾಡೂಣು ಬರ್ರಿ, ರೊಟ್ಟಿ ತಗೊಂಡ ಬರ್ರಿ" ಅಂದಿದ್ದರು. ಆ ಉಳಿದದ್ದು ಏನು ಎಂಬುದೇ ನಮಗೆ ಗೊತ್ತಿರಲಿಲ್ಲ.

ಹೊರಡುವ ಮುನ್ನ ಶೆಡ್ಡಿನಲ್ಲಿ ತಾಲೀಮು ನಡೆಯಿತು. ಇದನ್ನು ಏರ್ಪಡಿಸಿದವಳು ನಮ್ಮ ಆಯಿ. ಆಯಿ ಅಂದರೆ ನನಗೆ ಅಜ್ಜಿಯೇನೂ ಅಲ್ಲ, ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು, ಊರಿಗೆಲ್ಲ ಆಯಿ. ಗುತ್ತಿಗೆದಾರನ ಪಾತ್ರ ನನ್ನ ನೆಗೆಣ್ಣಿಯದು, ಅಂದರೆ ನನ್ನ ಮೈದುನನ ಹೆಂಡತಿಯದು. ಹೆಗಲಿಗೆ ಟವೆಲ್ಲು ಹಾಕಿಕೊಂಡು, ಇಲ್ಲದ ಮೀಸೆ ತಿರುವುತ್ತ, ಹಿಟ್ಟಿನ ಚೀಲದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಳು.

"ಏನ್ರಿ ಅಕ್ಕಾರ, ಇದು ರೊಟ್ಟಿನೋ, ಎಮ್ಮಿಗೆ ಹಾಕೂ ಕಣಕಿನೋ?" ಅಂದಳು.

ಆಟವೆಂದು ಗೊತ್ತು. ಎದುರಿಗಿದ್ದವಳು ನನ್ನ ಜೊತೆಯಲ್ಲೇ ಒಂದೇ ತಾಟಿನಲ್ಲಿ ಉಂಡವಳು ಎಂದೂ ಗೊತ್ತು. ಆದರೂ ನನ್ನ ಬಳೆ ಝಲ್ಲೆಂದವು. "ಯಾರಿಗೆ ಕಣಕಿ ಅಂತೀಯಲೇ?" ಎಂದು ಎದ್ದವಳು ಅವಳ ಟವೆಲ್ಲು ಕಿತ್ತುಕೊಂಡೆ. ಶೆಡ್ಡಿಗೆ ಶೆಡ್ಡೇ ಹೋ ಎಂದಿತು. ಆಯಿ ಮಾತ್ರ ನಗಲಿಲ್ಲ.

"ಅಗದಿ ಚಲೋ ಆತು," ಅಂದಳು. "ಇದು ಖರೇನ ಆಗಿದ್ರ ಶೆಡ್ಡು ಹೋಗಿತ್ತು. ಕೇಳಿಲ್ಲೆ, ನಿನ್ನ ಸಿಟ್ಟು ಬರೂದನ್ನ ನಾ ತಡ್ಯಾಕ ಆಗೂದಿಲ್ಲ. ಬಾಯಿ ಅಷ್ಟ ತಡೀತೀನಿ."

ಆಯಿಯ ಸೊಂಟದಲ್ಲಿ ಎಲೆ-ಅಡಿಕೆಯ ಸಂಚಿ ಯಾವಾಗಲೂ ಇರುತ್ತದೆ. ಅವಳ ಉಪಾಯ ಇದು: ನನ್ನ ಬಳೆ ಸದ್ದಾದ ಕೂಡಲೇ ಅವಳು ಒಂದು ಎಲೆ ಮಡಚಿ ಕೊಡುತ್ತಾಳೆ. ನಾನು ಮರುಮಾತಿಲ್ಲದೆ ಬಾಯಿಗಿಟ್ಟುಕೊಂಡು, ಅದು ಪೂರ್ತಿ ಜಗಿದು ಮುಗಿಯುವ ತನಕ ಬಾಯಿ ಬಿಡಬಾರದು. ಬಾಯಿ ಸುಮ್ಮನಿದ್ದಾಗ ಕಣ್ಣಿಗೆ ಬಿಡುವು ಸಿಗುತ್ತದೆ, ಆಗ ಎದುರಿನವನನ್ನು ನೋಡಬೇಕು. "ಸಿಟ್ಟು ನಿನಗೊಬ್ಬಾಕಿಗೇ ಐತೇನು? ಅಂವಗೂ ಇರತೈತಿ. ಅದು ಎಲ್ಲೆ ಕುಂತೈತಿ ಅನ್ನೂದನ್ನ ಹುಡುಕು" ಅಂದಳು. ಎಲ್ಲರೂ ತಲೆದೂಗಿದರು. ಈ ಉಪಾಯದಲ್ಲಿ ಒಂದು ದೊಡ್ಡ ತೂತಿತ್ತು, ಅದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾನು, ಆಯಿ, ನೆಗೆಣ್ಣಿ, ಮೂವರೂ ಹೊರಟೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ನೂಕುನುಗ್ಗಲು. ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡಿದ್ದೆ. ಕಂಡಕ್ಟರ್ "ಇದಕ್ಕೂ ಟಿಕೀಟ್ ತಗೀಲೇನ್ರಿ?" ಎಂದು ಕೇಳಿದ, ನೆಗೆಣ್ಣಿ "ಅರ್ಧಾ ತಗೀರಿ, ಇನ್ನೂ ಹಲ್ಲು ಬಂದಿಲ್ಲ" ಅಂದಳು. ಅಲ್ಲಿಂದ ಅಣ್ಣಿಗೇರಿ ತನಕ ಅವಳು ನಕ್ಕಿದ್ದೇ ನಕ್ಕಿದ್ದು. ಅವಳಿಗೆ ನಗು ಶುರುವಾದರೆ ಅದು ಬಿಕ್ಕಳಿಕೆಯ ಹಾಗೆ, ನಿಂತಿತು ಅಂದುಕೊಂಡಾಗ ಮತ್ತೆ ಬರುತ್ತದೆ. ಆವತ್ತು ಮೂವರಿಗೂ ಏನೋ ಒಂದು ಉಮೇದು. ಸಂತೆ ಬಿಟ್ಟು ಬೇರೆ ಕೆಲಸಕ್ಕೆಂದು ನಾವು ನಾವೇ ಬಸ್ಸು ಹತ್ತಿದ್ದು ಅದೇ ಮೊದಲು.

ಗುತ್ತಿಗೆದಾರರ ಆಫೀಸು ಮಹಡಿಯ ಮೇಲೆ. ಕೆಳಗೆ ಕೊಪ್ಪರಿಗೆ, ಬೋಗುಣಿಗಳ ಗೋದಾಮು. ಮೇಲೆ ಹೊಸ ಬಿಳಿ ಫರಸಿಯ ನೆಲ, ಎಸಿ, ಗಾಜು ಹಾಸಿದ ದೊಡ್ಡ ಟೇಬಲ್ಲು. ಟೇಬಲ್ಲಿನ ಒಂದು ಬದಿಗೆ ಮದುವೆ ಕಾರ್ಡುಗಳ ಗುಡ್ಡೆ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ "ಇಲ್ಲಿ ಉಗುಳಬಾರದು" ಎಂದು ಬರೆದಿತ್ತು. ಅದನ್ನು ಓದಿ ನಾನು ಆಯಿಯ ಮುಖ ನೋಡಿದೆ. ಆಯಿಗೆ ಓದಲು ಬರುವುದಿಲ್ಲ, ಅವಳು ಸಮಾಧಾನವಾಗಿ ಕೂತಳು.

ಅವರು ಅರವತ್ತರ ಆಸುಪಾಸಿನವರು. ಬಿಳಿ ಅಂಗಿ, ಮೂಗಿನ ಮೇಲೆ ಕನ್ನಡಕ, ತೂಕದ ಮಾತು. ಪಕ್ಕದಲ್ಲಿ ಅವರ ಮಗ, ಮದುವೆಯಾಗಿ ಮಕ್ಕಳಿರುವ ಗಂಡಸು, ಫೋನಿನಿಂದ ಕಣ್ಣೆತ್ತದವನು. ಚಹಾ ಬಂತು. ನಾನು ಅವರನ್ನು ಅಣ್ಣಾರ ಅಂದೆ, ಅವರು ನನ್ನನ್ನು ಅಕ್ಕಾರ ಅಂದರು. ಬುಟ್ಟಿ ಬಿಚ್ಚಿ, ಬಟ್ಟೆ ಸರಿಸಿ ರೊಟ್ಟಿ ತೋರಿಸಿದೆ. ಎರಡು ಬಸ್ಸು ಹತ್ತಿ ಇಳಿದರೂ ಒಂದೂ ಸೀಳಿರಲಿಲ್ಲ. ನನ್ನ ಎದೆ ಉಬ್ಬಿತು.

ಅವರು ಒಂದು ರೊಟ್ಟಿ ಎತ್ತಿದರು. ಬೆಳಕಿಗೆ ಹಿಡಿದರು. ಎರಡು ಬೆರಳಿನಲ್ಲಿ ಅಂಚು ಒತ್ತಿದರು. ಟಪ್ಪೆಂದು ಮುರಿಯಿತು.

"ನೋಡ್ರಿ, ಮುಟ್ಟಿದ್ರ ಮುರೀತೈತಿ. ಇದು ಮದಿವಿ ಪಂಕ್ತಿಗೆ ಬರೂದಿಲ್ಲರಿ. ಗುಬ್ಬಿಗೆ ಹಾಕಾಕ ಚಲೋ."

ಖಡಕ್ ರೊಟ್ಟಿ ಮುರಿಯದೆ ಮಡಚಿಕೊಳ್ಳುತ್ತದೇನು? ಬಳೆ ಝಲ್ಲೆಂದವು. ನನ್ನ ನಾಲಿಗೆಯ ತುದಿಗೆ ಎಂಥ ಮಾತು ಬಂದು ನಿಂತಿತ್ತೆಂದರೆ, ಅದನ್ನು ಇಲ್ಲಿ ಬರೆಯಲೂ ಆಗುವುದಿಲ್ಲ. ಅಷ್ಟರಲ್ಲಿ ಟೇಬಲ್ಲಿನ ಕೆಳಗಿನಿಂದ ಆಯಿಯ ಕೈ ಬಂತು. ಎಲೆ ಬಾಯಿಗೆ ಹೋಯಿತು.

ಮಗ ಫೋನು ನೋಡುತ್ತಲೇ ಅಂದ, "ಅಪ್ಪಾ, ನಾ ಮದ್ಲ ಹೇಳಿಲ್ಲೇನು? ಹುಬ್ಬಳ್ಳಿಯಿಂದ ಮಷೀನ್ ರೊಟ್ಟಿ ತರಸೂಣು. ಎಲ್ಲಾ ಒಂದ ಅಳತಿ, ತಂಟೇನ ಇಲ್ಲ. ಇವ್ರದೆಲ್ಲಾ ಹಳೇ ಕಾಲದ ರಗಳೆ."

ಮತ್ತೆ ಬಳೆ, ಮತ್ತೆ ಎಲೆ. ಮೊದಲನೆಯದು ಇನ್ನೂ ಮುಗಿದಿರಲಿಲ್ಲ. ಆದರೆ ಬಾಯಿ ಕಟ್ಟಿದ್ದರಿಂದ ಕಣ್ಣು ಕೆಲಸ ಮಾಡತೊಡಗಿತ್ತು, ಅಷ್ಟು ಮಾತ್ರ ಆಯಿಯ ಮಾತು ಖರೆ. ಮಗ "ಹಳೇ ಕಾಲ" ಅಂದ ಕೂಡಲೇ ಅಪ್ಪನ ಕೈ ಮದುವೆ ಕಾರ್ಡುಗಳ ಮೇಲೆ ಹೋಯಿತು. ಅವು ಸರಿಯಾಗೇ ಇದ್ದವು. ಆದರೂ ಅಂಚಿಗೆ ಅಂಚು ಕೂಡಿಸಿ, ತಟ್ಟಿ ತಟ್ಟಿ ಹೊಂದಿಸಿದರು. ದನಿ ಮಾತ್ರ ಮೊದಲಿಗಿಂತ ಮೆತ್ತಗಾಯಿತು. ಅದನ್ನು ನೋಡಿ ಇಟ್ಟುಕೊಂಡೆ, ಅರ್ಥವಾಗಲಿಲ್ಲ.

"ಏನ ಅಂತೀರಿ ಅಕ್ಕಾರ?" ಎಂದು ಕೇಳಿದರು.

"ಉಂ," ಅಂದೆ.

"ಹಂಗಂದ್ರ?"

"ಉಂ ಉಂ."

ಉಗುಳಲು ಎದುರಿಗೇ ನಿಷೇಧ. ನುಂಗಲು ಗಂಟಲೊಪ್ಪದು. ಎರಡೂ ಗಲ್ಲ ಉಬ್ಬಿ, ತುಟಿಯ ಸಂದಿನಿಂದ ಕೆಂಪು ಇಳಿಯಬಾರದೆಂದು ಕತ್ತು ಮೇಲೆತ್ತಿ ಸೂರು ನೋಡುತ್ತ ಕೂತೆ. ಅವರು ಇನ್ನಷ್ಟು ಗಂಭೀರವಾಗಿ, "ನಿಮ್ಮ ವಿಚಾರ ಏನೈತಿ ಬಿಚ್ಚಿ ಹೇಳ್ರಲಾ" ಅಂದರು. ಬಲಗಡೆ ನನ್ನ ನೆಗೆಣ್ಣಿಯ ಕುರ್ಚಿ ಸಣ್ಣಗೆ ಕಿರುಗುಟ್ಟತೊಡಗಿತು. ನನಗೆ ಗೊತ್ತಾಯಿತು. ಆಯಿಗೂ ಗೊತ್ತಾಗಿ, ಗಾಬರಿಯಲ್ಲಿ ಒಂದು ಎಲೆ ಅವಳ ಬಾಯಿಗೂ ತುರುಕಿದಳು. ತನಗೂ ಅಂಜಿಕೆಯಾಯಿತೋ ಏನೋ, ಒಂದು ತಾನೂ ಹಾಕಿಕೊಂಡಳು. ಈಗ ದೊಡ್ಡ ವ್ಯಾಪಾರದ ಮಾತಿಗೆ ಬಂದ ಮೂವರು ಹೆಂಗಸರು, ಮೂವರ ಬಾಯೂ ಬಂದ್. ನೆಗೆಣ್ಣಿ ನನ್ನ ಕಡೆ ತಿರುಗಿ ನೋಡಿದಳು, ನಾನು ಅವಳ ಉಬ್ಬಿದ ಗಲ್ಲ ನೋಡಿದೆ.

ಮುಗಿಯಿತು. ಮೂವರೂ ಒಮ್ಮೆಲೇ ಫುರ್ರೆಂದೆವು. ಸೆರಗು ಬಾಯಿಗೆ ಒತ್ತಿಕೊಂಡರೂ ಗಾಜಿನ ಮೇಲೆ ಒಂದು ಕೆಂಪು ಹನಿ ಹೋಗಿ ಬಿತ್ತು. ಆಯಿಯಂತೂ ತಲೆಯನ್ನು ಟೇಬಲ್ಲಿಗೆ ಒರಗಿಸಿ ಮೈಯೆಲ್ಲ ಅಲುಗಿಸಿ ನಕ್ಕಳು. ನಿಲ್ಲಿಸಬೇಕು ಅಂದಷ್ಟೂ ಹೆಚ್ಚಾಯಿತು. ಮಗನೂ ಫೋನು ಬಿಟ್ಟು ನಮ್ಮನ್ನು ನೋಡಿದ, ಆಮೇಲೆ ಅಪ್ಪನನ್ನು ನೋಡಿದ. ಅವನ ತುಟಿಯ ಮೂಲೆಯಲ್ಲೂ ನಗು ಬಂದಿತ್ತು. ಆ ನಗುವೇ ಕೆಲಸ ಕೆಡಿಸಿತು.

ಅವರು ಎದ್ದು ನಿಂತರು. "ನನ್ನ ನೋಡಿ ನಗಾಕ ಇಷ್ಟ ದೂರ ಬಂದೀರೇನ್ರಿ? ಹಂಗಿದ್ರ ನಕ್ಕು ಮುಗಸ್ರಿ, ಚಹಾ ಕುಡದು ಹೋಗ್ರಿ." ಇಷ್ಟನ್ನು ಕೂಗದೆ ಮೆತ್ತಗೇ ಹೇಳಿದರು. ಚಪ್ಪಲಿ ಮೆಟ್ಟಿ ಕೆಳಗಿಳಿದುಹೋದರು.

ನಗು ಅಲ್ಲೇ ಸತ್ತಿತು. ಗಿರಣಿಯ ಬಾಗಿಲು, ಗೊಬ್ಬರದವರ ಅಳತೆಪಟ್ಟಿ ಕಣ್ಣಿಗೆ ಕಟ್ಟಿದವು. ಅಳು ಬಂತು, ಆದರೆ ಬಾಯಲ್ಲಿ ಎಲೆ ಇರುವಾಗ ಅಳುವುದೂ ಆಗುವುದಿಲ್ಲ. ಉಗುಳಿಯಾದರೂ ಬರಬೇಕೆಂದು ನಾನೂ ದಡದಡ ಮೆಟ್ಟಿಲಿಳಿದೆ. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಸಿಟ್ಟು ಮತ್ತೆ ಏರತೊಡಗಿತು. ಗುಬ್ಬಿಗೆ ಹಾಕಬೇಕಂತೆ! ಉಗುಳಿದ ಕೂಡಲೇ ಅವರನ್ನು ಹುಡುಕಿಕೊಂಡು ಹೋಗಿ ಸರಿಯಾಗಿ ಹೇಳಿಯೇ ಬಸ್ಸು ಹತ್ತುವುದು ಎಂದು ಗೋದಾಮಿನ ಹಿಂದಿನ ಮೋರಿಯ ಕಡೆ ತಿರುಗಿದೆ.

ಅಲ್ಲಿ ಬೋರಲು ಹಾಕಿದ ಕೊಪ್ಪರಿಗೆಗಳ ಹಿಂದೆ, ಕಲ್ಲಿನ ಮೇಲೆ ಕೂತು, ಅಣ್ಣಾರು ನಮ್ಮ ರೊಟ್ಟಿ ತಿನ್ನುತ್ತಿದ್ದರು.

ಮೇಲೆ ಮುರಿದದ್ದೇ ತುಂಡು. ಎಡಗೈಯಲ್ಲಿ ಒಂದು ಡಬ್ಬಿ ಮುಚ್ಚಳ, ಅದರಲ್ಲಿ ಶೇಂಗಾ ಚಟ್ನಿ. ಕಣ್ಣು ಅರ್ಧ ಮುಚ್ಚಿದ್ದವು. ಕರುಂ ಕರುಂ ಸದ್ದು ನನ್ನ ತನಕ ಕೇಳುತ್ತಿತ್ತು. ನನ್ನ ಬಳೆ ಸದ್ದಿಗೆ ಕಣ್ಣು ಬಿಟ್ಟರು. ಅವರ ಬಾಯ್ತುಂಬ ರೊಟ್ಟಿ, ನನ್ನ ಬಾಯ್ತುಂಬ ಎಲೆ. ಇಬ್ಬರಿಗೂ ಮಾತಾಡಲು ಬಾರದು. ಹಾಗೇ ನಿಂತೆವು.

ನನ್ನೊಳಗೆ ಆಗ ಎದ್ದ ಸಂತೋಷವನ್ನು ಏನೆಂದು ಹೇಳಲಿ! ಕುಣಿಯಬೇಕು ಅನ್ನಿಸಿತು. ಕೈ ತಟ್ಟಿ "ಗುಬ್ಬಿ ಸಿಕ್ಕಿತು!" ಎಂದು ಕೂಗಿ ಮಹಡಿಯವರನ್ನೆಲ್ಲ ಕರೆಯಬೇಕು ಅನ್ನಿಸಿತು. ಗೆದ್ದಿದ್ದೆ. ಆದರೆ ಅವರ ಮುಖ ನೋಡಿದೆ. ಕಿವಿಯ ತನಕ ಕೆಂಪಾಗಿತ್ತು, ಕಣ್ಣು ನನ್ನನ್ನು ಬಿಟ್ಟು ನನ್ನ ಹಿಂದಿನ ಮೆಟ್ಟಿಲ ಮೇಲಿದ್ದವು. ಮಗ ಬರುತ್ತಾನೇನೋ ಎಂದು ನೋಡುತ್ತಿದ್ದರು. ಆಗ ಆ ಮದುವೆ ಕಾರ್ಡುಗಳು ಅರ್ಥವಾದವು. ಈ ಮನುಷ್ಯನ ಸಿಟ್ಟು ನಮ್ಮ ಮೇಲೆ ಇರಲೇ ಇಲ್ಲ. ಮಗನ ಮುಂದೆ ಸಣ್ಣವನಾಗುವ ಅಂಜಿಕೆ ಅದು. ಈಗ ನಾನೊಂದು ನಗು ನಕ್ಕರೆ ರೊಟ್ಟಿ ಎಷ್ಟು ರುಚಿಯಾದರೂ ಈ ಬಾಗಿಲು ನಮಗೆ ಜನ್ಮದಲ್ಲಿ ತೆರೆಯುವುದಿಲ್ಲ.

ಬೆನ್ನು ತಿರುಗಿಸಿದೆ. ಮೋರಿಗೆ ಹೋಗಿ ಉಗುಳಿದೆ. ನಲ್ಲಿ ಬಿಟ್ಟು ಬಾಯಿ ಮುಕ್ಕಳಿಸಿದೆ, ಮತ್ತೆ ಮುಕ್ಕಳಿಸಿದೆ, ಮುಖ ತೊಳೆದೆ, ಸೆರಗಿನಿಂದ ಒರೆಸಿಕೊಂಡೆ, ಇರದ ಕಲೆಯನ್ನು ಸೀರೆಯಿಂದ ತಿಕ್ಕಿ ತೆಗೆದೆ. ಅವರಿಗೆ ನುಂಗಲು, ಮುಚ್ಚಳ ಬಚ್ಚಿಡಲು, ಮೀಸೆ ಒರೆಸಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಗೊಂಡೆ. ನನ್ನ ಜೀವನದಲ್ಲಿ ಅಷ್ಟು ಸಾವಕಾಶವಾಗಿ ನಾನು ಮುಖ ತೊಳೆದದ್ದಿಲ್ಲ.

ತಿರುಗಿದಾಗ ಅವರು ಎದ್ದು ನಿಂತು ಒಂದು ಕೊಪ್ಪರಿಗೆಯ ತಳ ಪರೀಕ್ಷೆ ಮಾಡುತ್ತಿದ್ದರು.

"ಅಣ್ಣಾರ, ನಾವು ನಕ್ಕಿದ್ದು ನಿಮಗಲ್ಲರಿ," ಅಂದೆ. "ನನಗ ಸಿಟ್ಟು ಬಾಳ. ಬಾಯಿ ಬಿಟ್ಟು ಏನರ ಅಂದಗಿಂದಾಳು ಅಂತ ನಮ್ಮ ಆಯಿ ಎಲಿ ಮ್ಯಾಲ ಎಲಿ ಕೊಟ್ಟಳು. ಮಾತಾಡಾಕ ಬಂದಾಕಿಗೆ ಮಾತ ಬರಲಿಲ್ಲ. ಅದಕ್ಕ ನಗಿ ಬಂತು."

ಅವರು ಕೊಪ್ಪರಿಗೆಯಿಂದ ಕೈ ತೆಗೆದರು. "ನಾ ಅಂದಿದ್ದು ಸಿಟ್ಟು ಬರೂ ಮಾತ ಇತ್ತು ಬಿಡ್ರಿ," ಅಂದರು. ಆಮೇಲೆ ತಾವೇ ಹೇಳಿದರು. ಈಚೆಗೆ ಒಂದು ಮದುವೆಯಲ್ಲಿ ಬೇರೆ ಊರಿನಿಂದ ತರಿಸಿದ ಕೈರೊಟ್ಟಿ ಎಲ್ಲ ಪುಡಿಯಾಗಿ ಬಂದಿತ್ತಂತೆ. ಬೀಗರ ಪಂಕ್ತಿಯಲ್ಲಿ ಒಬ್ಬರು ಎದ್ದುನಿಂತು, "ರೊಟ್ಟಿ ಅಂತ ಹೇಳಿ ನುಚ್ಚು ಬಡಸಾಕತ್ತೀರೇನು?" ಎಂದು ಕೂಗಿದರಂತೆ. "ಎಷ್ಟೋ ವರ್ಷ ಬೆಂಕಿ ಮುಂದ ನಿಂತು ಹೆಸರ ಮಾಡೀನ್ರಿ. ಮಗಾ ಬಾಜೂಕ ನಿಂತಿದ್ದ. ಅವತ್ತಿಂದ ಮಷೀನು ಮಷೀನು ಅಂತ ನನ್ನ ತಲಿ ತಿನ್ನಾಕತ್ಯಾನ." ಮಷೀನ್ ರೊಟ್ಟಿ ಹೇಗಿರುತ್ತದೆ ಎಂದು ನಾನು ಕೇಳಿದೆ. ಅವರು ಮೋರಿಯ ಕಡೆ ನೋಡಿ ಮುಖ ಕಿವುಚಿದರು. ಮತ್ತೇನೂ ಕೇಳಬೇಕಾಗಿರಲಿಲ್ಲ.

ಮೇಲೆ ಹೋದೆವು. ಆಯಿ ಮತ್ತು ನೆಗೆಣ್ಣಿ ಸೆರಗಿನಿಂದ ಗಾಜು ಒರೆಸಿ ಕನ್ನಡಿ ಮಾಡಿದ್ದರು. ಅಣ್ಣಾರು ಕುರ್ಚಿಯಲ್ಲಿ ಕೂತು ಮಗನಿಗೆ ಹೇಳಿದರು, "ಇವ್ರು ನನ್ನ ಏನೋ ಕೇಳಬೇಕಂತ. ಅದಕ್ಕ ಮತ್ತ ಬಂದೆ."

ಕೆಳಗೆ ನಾನು ಏನನ್ನೂ ಕೇಳಿರಲಿಲ್ಲ. ಬಳೆ ಅಲುಗಿದವು. ಆದರೆ ನಾನು ಆ ಮಾತನ್ನು ಎತ್ತಿಕೊಂಡೆ. "ಹೌದ್ರಿ ಅಣ್ಣಾರ, ಕೇಳಾಕ ಬಂದೀವಿ. ಪಂಕ್ತಿಗೆ ರೊಟ್ಟಿ ಹೆಂಗಿರಬೇಕು? ನೀವು ಹೇಳ್ರಿ, ನಾವು ಕೇಳ್ತೀವಿ."

ಅವರು ಹೇಳಿದರು ನೋಡಿ! ತಾಟಿನ ಅಳತೆ, ಅಂಚಿನ ತೆಳುವು, ಕರಿ ಚುಕ್ಕೆ ಎಷ್ಟಿರಬೇಕು, ಬೆಚ್ಚಗಿರುವಾಗಲೇ ಕಟ್ಟಿದರೆ ಬೆವತು ಹೇಗೆ ಮೆತ್ತಗಾಗುತ್ತದೆ, ಎಲ್ಲ. ಅರ್ಧದಷ್ಟು ನನಗೆ ಮೊದಲೇ ಗೊತ್ತಿತ್ತು, ಆದರೂ ಹೌದ್ರಿ ಹೌದ್ರಿ ಅಂದೆ. ಮಗ ಫೋನನ್ನು ಬೋರಲು ಹಾಕಿ ಅಪ್ಪನ ಮಾತು ಕೇಳುತ್ತಿದ್ದ. ಆಮೇಲೆ ಅವರು ಒಂದು ಕರಾರು ಹಾಕಿದರು. ರೊಟ್ಟಿಯನ್ನು ನಮ್ಮ ಶೆಡ್ಡಿನ ಬಾಗಿಲಲ್ಲೇ ಒಂದೊಂದಾಗಿ ನೋಡಿ ಗಾಡಿಗೆ ಹಾಕಿಸಬೇಕು.

ನಮ್ಮ ಬಾಗಿಲಿಗೆ ಬಂದು ನಮ್ಮ ರೊಟ್ಟಿ ಪರೀಕ್ಷೆ! ಆಯಿಯ ಕೈ ಸಂಚಿಗೆ ಹೋಯಿತು. ನಾನು ಬ್ಯಾಡ ಎಂದು ಕಣ್ಸನ್ನೆ ಮಾಡಿ, "ಯಾರ ಬರ್ತಾರ್ರಿ ನೋಡಾಕ?" ಎಂದಷ್ಟೇ ಕೇಳಿದೆ.

"ಮತ್ಯಾರು? ನಾನ ಬರ್ತೀನಿ."

ಅವರೇ ಬರುತ್ತಾರೆಂದರೆ ಅದು ಅವಮಾನವಲ್ಲ, ಮರ್ಯಾದೆ. ಕೇಳದೆ ಹಾರಿಬಿದ್ದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಹಾಗಾದರೆ ಗಾಡಿಗೆ ಹಾಕಿದ ಮೇಲೆ ಒಡೆದದ್ದು ನಿಮ್ಮದು, ಅದಕ್ಕಿಂತ ಮೊದಲು ಸೀಳಿದ್ದು ನಮ್ಮದು ಅಂದೆ. ಅವರ ಕೈ ಮತ್ತೆ ಕಾರ್ಡುಗಳ ಮೇಲೆ ಹೋಯಿತು. ತಟ್ಟಿ ತಟ್ಟಿ ಹೊಂದಿಸತೊಡಗಿದರು. "ಹಂಗಂದ್ರ ನಮ್ಮ ಮಂದಿ ಒಡೀತಾರ ಅಂತೀರೇನ್ರಿ?" ಎಂದು ಮೆತ್ತಗೆ ಕೇಳಿದರು. ಆ ಮೆತ್ತಗಿನ ದನಿಯ ಅರ್ಥ ಈಗ ನನಗೆ ಗೊತ್ತಿತ್ತು. ವಾದಕ್ಕೆ ಹೋಗಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಹೇಗೆ ಕಟ್ಟುತ್ತೀ ತೋರಿಸು ಎಂದು ಆಯಿಗೆ ಹೇಳಿದೆ. ಅವಳು ಹಳೇ ಧೋತರ ಹಾಸಿ, ರೊಟ್ಟಿಯ ಪದರ, ಮತ್ತೆ ಬಟ್ಟೆ ಹೀಗೆ ತೋರಿಸುತ್ತ, "ಇದರ ಮ್ಯಾಲ ಏನೂ ಹೇರಬಾರದಪಾ" ಅಂದಳು. ಅವರ ಕೈ ನಿಂತಿತು. ಮಗನ ಕಡೆ ತಿರುಗಿ, "ಅವತ್ತ ರೊಟ್ಟಿ ಚೀಲದ ಮ್ಯಾಲ ಎಣ್ಣಿ ಡಬ್ಬಿ ಇಟ್ಟವ್ರು ಯಾರು?" ಎಂದು ಕೇಳಿದರು. ಮಗ ಫೋನನ್ನು ಜೇಬಿಗೆ ಹಾಕಿಕೊಂಡ. ಆ ಕರಾರಿನ ಮಾತು ಅಲ್ಲಿಗೆ ನಾನು ಹೇಳಿದ ಹಾಗೇ ತೀರ್ಮಾನವಾಯಿತು.

ಉಳಿದದ್ದು ಹೆಸರು. ಪಂಕ್ತಿಯಲ್ಲಿ ನಮ್ಮ ಊರಿನ, ಸಂಘದ ಹೆಸರಿನ ಬೋರ್ಡು ಇಡಬೇಕು ಎಂದು ಶೆಡ್ಡಿನಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು. ಎಲ್ಲರಿಗಿಂತ ಹೆಚ್ಚು ಹೇಳಿದವಳು ನಾನೇ. ಅವರು ತಲೆಯಾಡಿಸಿದರು. "ನನ್ನ ಪಂಕ್ತಿಯೊಳಗ ನನ್ನ ಹೆಸರ ಒಂದ. ಇದರಾಗ ಮಾತಿಲ್ಲರಿ." ಈ ಸಲ ಕಾರ್ಡಿನ ಮೇಲೆ ಕೈ ಹೋಗಲಿಲ್ಲ. ಇದು ಸಿಟ್ಟಿನ ಮಾತಲ್ಲ, ಅಲುಗದ ಮಾತು ಎಂದು ತಿಳಿಯಿತು.

ನೀರು ಕುಡಿದು ಬರುತ್ತೇವೆ ಎಂದು ಮೂವರೂ ಹೊರಗೆ ಮೆಟ್ಟಿಲ ಮೇಲೆ ನಿಂತೆವು. ನಾನು ಕೊತಕೊತ ಕುದಿಯುತ್ತಿದ್ದೆ. ಆಯಿ ಒಂದೇ ಪ್ರಶ್ನೆ ಕೇಳಿದಳು. "ಬೋರ್ಡ ಇಲ್ಲಂದ್ರ ಶೆಡ್ಡಿಗೆ ಏನಾಗತೈತಿ?"

ಏನೂ ಆಗುವುದಿಲ್ಲ. ಬೋರ್ಡು ಇಲ್ಲದಿದ್ದರೆ ನೋಯುವುದು ನನ್ನ ಮೂಗು ಒಂದೇ. ಒಪ್ಪಿಕೊಳ್ಳಲು ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೂ ಬಂತು. ಒಳಗೆ ಹೋಗಿ ಅಂದೆ, "ಹೆಸರ ನಿಮ್ಮದ ಇರಲಿ ಅಣ್ಣಾರ. ಆದರ ಆಷಾಢದಾಗೂ ನಮ್ಮ ಒಲಿ ಆರಬಾರದು. ಮದಿವಿ ಇಲ್ಲದ ತಿಂಗಳದಾಗೂ ರೊಟ್ಟಿ ತಗೋಬೇಕು." ಅವರು ಮಗನನ್ನು ನೋಡಿದರು. ಮೊದಲ ಸಲ ಮಗ ನಮ್ಮ ಕಡೆಗೆ ಮಾತಾಡಿದ. ಖಾನಾವಳಿಗಳಿಗೆ, ಕಿರಾಣಿ ಅಂಗಡಿಗಳಿಗೆ ಹಾಕಬಹುದು, ಆ ಕೆಲಸ ನಾನು ನೋಡಿಕೊಳ್ಳುತ್ತೇನೆ ಅಂದ. ಅಪ್ಪ "ಆತ್ರಿ" ಅಂದರು.

ವಾಪಸು ಬರುವ ಬಸ್ಸಿನಲ್ಲಿ ಮೂವರಿಗೂ ಹುಚ್ಚು ಹಿಡಿದಿತ್ತು. ಖಾಲಿ ಬುಟ್ಟಿಯನ್ನು ನೆಗೆಣ್ಣಿ ತಲೆಗೆ ಹಾಕಿಕೊಂಡಿದ್ದಳು. ಯುಗಾದಿ ಬಂತು, ಹೋಯಿತು. ಗೊಬ್ಬರದವರು ಬೇರೆ ಕಡೆ ಜಾಗ ನೋಡಿಕೊಂಡರು. ಶೆಡ್ಡಿನ ಕೀಲಿಕೈ ಆಯಿಯ ಸೊಂಟ ಸೇರಿತು.

ಆಮೇಲೆ ಒಂದು ದಿನ ನವಲಗುಂದದ ಕಡೆ ಯಜಮಾನರ ಸಂಬಂಧಿಕರ ಮದುವೆಗೆ ಹೋಗಿದ್ದೆ. ಪಂಕ್ತಿಗೆ ಕೂತೆ. ತಾಟಿಗೆ ಬದನೆಕಾಯಿ ಎಣಗಾಯಿ ಬಂತು, ಹಿಂದೆಯೇ ರೊಟ್ಟಿ ಬಂತು. ನಮ್ಮದೇ ರೊಟ್ಟಿ, ಕಣ್ಣು ಕಟ್ಟಿದರೂ ಗುರುತು ಹಿಡಿಯುತ್ತಿದ್ದೆ. ಸಾಲಿನ ನಡುವೆ ಅಣ್ಣಾರು ಬಿಳಿ ಅಂಗಿಯಲ್ಲಿ ಓಡಾಡುತ್ತಿದ್ದರು. ನನ್ನ ಬಾಜೂಕಿನ ಹೆಂಗಸು ಒಂದು ತುತ್ತು ತಿಂದು, "ಏನ ರೊಟ್ಟಿ ಅದಾವ್ರಿ, ಎಲ್ಲೀವು?" ಎಂದು ಅವರನ್ನೇ ಕೇಳಿದಳು.

"ನಮ್ಮವ ಅದಾವ್ರಿ," ಅಂದರು ಅವರು. ಹೇಳಿದ ಮೇಲೆ ನನ್ನನ್ನು ಕಂಡರು.

ಬಳೆಗಳು ಜಾರಿದವು. ಎದ್ದುನಿಂತು, ಇವು ನಾವು ಬಡಿದವು, ಇವುಗಳಲ್ಲಿ ನನ್ನ ಕೈಯವೂ ಇವೆ ಎಂದು ಇಡೀ ಮಂಟಪಕ್ಕೆ ಕೇಳುವ ಹಾಗೆ ಕೂಗಬೇಕು ಅನ್ನಿಸಿತು. ಅವರು ರೊಟ್ಟಿ ಬುಟ್ಟಿ ಹಿಡಿದವರು ಹಿಡಿದ ಹಾಗೇ ನಿಂತುಬಿಟ್ಟಿದ್ದರು, ನಾನು ಏನನ್ನುತ್ತೇನೋ ಎಂದು ಕಾಯುತ್ತಿದ್ದರು. ನಾನು ಒಂದು ತುಂಡು ಮುರಿದು, ನಿಧಾನವಾಗಿ ಅಗಿದು, ಯಾರೋ ಗುರುತಿಲ್ಲದವರ ರೊಟ್ಟಿ ತಿಂದವಳ ಹಾಗೆ ತಲೆ ಓಲಾಡಿಸಿದೆ.

"ಚಲೋ ಅದಾವ್ರಿ ಅಣ್ಣಾರ. ಆದರ ಈ ಒಂದು ಯಾಕೋ ಸ್ವಲ್ಪ ದಪ್ಪ ಆಗೇತಿ."

ಅವರ ಮುಖದಲ್ಲಿ ಏನೇನೋ ಹಾದುಹೋಯಿತು. ಆಮೇಲೆ ಬಗ್ಗಿ, ಅಗದಿ ಗಂಭೀರವಾಗಿ ಅಂದರು, "ಮಾಡಿದವ್ರಿಗೆ ಹೇಳ್ತೀನ್ರಿ."

"ಹೇಳ್ರಿ," ಅಂದೆ. "ಆದರ ನೋಡಿಕೊಂಡು ಹೇಳ್ರಿ. ಅಕಿಗೆ ಸಿಟ್ಟು ಬಾಳ ಐತಂತ."

"ಇತ್ತಂತ್ರಿ," ಅಂದರು ಅವರು, ಮತ್ತೊಂದು ರೊಟ್ಟಿ ನನ್ನ ತಾಟಿಗೆ ಹಾಕಿ ಮುಂದಿನ ತಾಟಿಗೆ ಹೋದರು.